ಎಷ್ಟು ಜನಕ್ಕೆ ಕತ್ತರಿಸೋಣ?

ನಮಸ್ಕಾರ. ಹನುಮಂತನಗರದ ಮೂಲೆ ಬೇಕರಿಯಿಂದ ಈ ಮೆಸೇಜು. ಬೋರ್ಡಿನ ಮೇಲೆ ಏನೇ ಬರೆಸಿದ್ದರೂ ನೀವೆಲ್ಲ ನಮ್ಮನ್ನ ಕರೆಯೋದು ಹಾಗೇ, ಈಗ ನಾವೂ ಹಾಗೇ ಕರ್ಕೊಳ್ತೀವಿ.

ಬರೋ ಶನಿವಾರ ಫೆಬ್ರವರಿ 14. ಹೋದ ವರ್ಷ ಈ ದಿನಕ್ಕೆ ಅಂತ ಹುಮ್ಮಸ್ಸಿನಲ್ಲಿ 20 ಹಾರ್ಟ್ ಶೇಪ್ ಕೇಕ್ ಮಾಡಿದ್ವಿ, ಮೇಲೆಲ್ಲ ಕೆಂಪು ಕ್ರೀಮು, ಅಂಗಡಿ ತುಂಬ ಬಲೂನು. ಮಾರಾಟ ಆಗಿದ್ದು 7. ಉಳಿದ 13 ಬೀದಿಯ ಮಕ್ಕಳ ಪಾಲಾಯ್ತು. ಆದರೆ ಅದೇ ದಿನ ಸಂಜೆ ಐದಕ್ಕೆಲ್ಲ ದಿಲ್‌ಪಸಂದ್ ತಟ್ಟೆ ಖಾಲಿ! ತಗೊಂಡವರು ಯಾರು ಅಂತ ನೋಡಿದ್ರೆ, ರಾಮಾಂಜನೇಯ ಗುಡ್ಡಕ್ಕೆ ವಾಕಿಂಗ್ ಹೋಗಿ ಬಂದ ಐದು ಜನ ರಿಟೈರ್ಡ್ ಗೆಳೆಯರು, ಟ್ಯೂಷನ್ ಬಿಟ್ಟು ಬಂದ ಹುಡುಗಿಯರ ಗುಂಪು, "ಹೆಂಡ್ತಿಗೆ" ಅನ್ನೋಕೆ ನಾಚಿಕೊಂಡು "ಮನೆಗೆ ಒಂದು ಕಟ್ಟಿ" ಅಂದ ಯಜಮಾನರು. ಇನ್ನೊಬ್ಬರು ಅಜ್ಜಿ. ಬಲೂನು ನೋಡಿ "ಏನಪ್ಪಾ, ಯಾರದ್ದು ಹುಟ್ಟಿದ ಹಬ್ಬ?" ಅಂದ್ರು. ಪ್ರೀತಿ ಮಾಡೋರ ದಿನ ಅಂತ ಹೇಳಿದೆ. ಒಂದು ಕ್ಷಣ ಯೋಚನೆ ಮಾಡಿ, "ಹಾಗಾದ್ರೆ ನನ್ನ ತಂಗಿಗೂ ಎರಡು ತುಂಡು ಹಾಕು" ಅಂದ್ರು.

ಈ ವರ್ಷ ಬಲೂನಿಲ್ಲ, ಕೆಂಪು ಕ್ರೀಮಿಲ್ಲ. ದಿಲ್‌ಪಸಂದ್ ಇದೆ. ಹೆಸರಲ್ಲೇ ದಿಲ್ ಇಟ್ಕೊಂಡು ಇಷ್ಟು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದೆ ಪಾಪ, ನಮಗೇ ಹೊಳೆದಿರಲಿಲ್ಲ.

ಶನಿವಾರ ಬೆಳಗ್ಗೆ 11ಕ್ಕೆ ಒಂದು ಸಲ, ಸಂಜೆ 4ಕ್ಕೆ ಇನ್ನೊಂದು ಸಲ ದಿಲ್‌ಪಸಂದ್ ಒಲೆಯಿಂದ ಈಚೆ ಬರುತ್ತೆ. ಅಪ್ಪ ಮಾಡೋ ಹಳೇ ಲೆಕ್ಕವೇ: ಹಸಿ ಕೊಬ್ಬರಿ ತುರಿ, ಸಕ್ಕರೆ, ಟೂಟಿ ಫ್ರೂಟಿ, ಗೋಡಂಬಿ ಚೂರು, ಏಲಕ್ಕಿ. ಈ ಸಲ ಚೆರ್ರಿ ಸ್ವಲ್ಪ ಜಾಸ್ತಿ. ಇಡೀ ದಿಲ್‌ಪಸಂದ್ ಡಬ್ಬಕ್ಕೆ ಹಾಕಿ ₹260, ಬಿಡಿ ತುಂಡು ₹35. ಆರ್ಡರ್ ಮಾಡುವಾಗ ನಾವು ಕೇಳೋದು ಒಂದೇ ಪ್ರಶ್ನೆ, ಎಷ್ಟು ಜನಕ್ಕೆ ಕತ್ತರಿಸೋಣ? ಎರಡು ಅಂದ್ರೆ ಎರಡು ಭಾಗ. ಮೂರು ಅಂದ್ರೆ ಮೂರು, ಅಳತೆ ತಪ್ಪದ ಹಾಗೆ, ಯಾಕಂದ್ರೆ ಅಕ್ಕ ತಮ್ಮ ತಂಗಿ ಇರೋ ಮನೆಯಲ್ಲಿ ಚಾಕು ಒಂದು ಎಳೆ ಆ ಕಡೆ ಹೋದ್ರೂ ಏನಾಗುತ್ತೆ ಅಂತ ನಮಗೆ ಗೊತ್ತು. ಹನ್ನೆರಡು ಅಂದ್ರೆ ತೆಳ್ಳಗೆ ಹನ್ನೆರಡು. ಒಬ್ಬರಿಗೇ ಅಂದ್ರೆ ಕತ್ತರಿಸದೆ ಇಡಿಯಾಗಿ ಕೊಡ್ತೀವಿ, ಚಮಚ ಸಮೇತ. ಯಾರಿಗೆ ಅಂತ ಮಾತ್ರ ಕೇಳಲ್ಲ.

ಇಡೀ ದಿಲ್‌ಪಸಂದ್ ತಗೊಂಡವರಿಗೆ ಡಬ್ಬದ ಮೇಲೆ ಒಂದು ಬಟನ್ ರೋಸ್ ಇಟ್ಟು ಕೊಡ್ತೀವಿ. ಬಾಗಿಲ ಪಕ್ಕ ಹೂ ಕಟ್ಟುವ ಅಮ್ಮ ಕೂರ್ತಾರಲ್ಲ, ಅವರ ಬುಟ್ಟಿಯದ್ದು. ದುಡ್ಡು ನಾವು ಕೊಡ್ತೀವಿ. ಕೆಂಪೇ ಬೇಕು ಅಂತ ಹಟ ಮಾಡಬೇಡಿ. ಆ ದಿನ ಕೆಂಪು ಹೂವಿನ ರೇಟು ಕೇಳಿ ಅವರೇ ತಲೆ ಮೇಲೆ ಕೈ ಹೊತ್ಕೊಂಡಿದ್ದಾರೆ. ಹಳದಿ, ತಿಳಿಗುಲಾಬಿ, ಬುಟ್ಟಿಯಲ್ಲಿ ಬಂದ ಬಣ್ಣ.

ಜೊತೆಗೆ ಒಂದು ಚೀಟಿ. ನೀವು ಹೇಳಿದ್ದನ್ನ ನನ್ನ ತಂಗಿ ಕೈಯಲ್ಲಿ ಬರೆದು ಅಂಟಿಸ್ತಾಳೆ, ಅವಳ ಅಕ್ಷರ ಚೆನ್ನಾಗಿದೆ. ಏನು ಬರೆಸೋದು ಅಂತ ತೋಚದೆ ಇದ್ರೆ, ಹೋದ ವಾರ ಮನೆಯವರೆಲ್ಲ ಕೂತು ಬರೆದದ್ದು ಇಲ್ಲಿದೆ:

"ಅಕ್ಕಾ, ಜಗಳ ಸೋಮವಾರ ಮುಂದುವರಿಸೋಣ. ಈಗ ತಿನ್ನು."

"ರೂಮಿನ ಬಾಡಿಗೆ ಹಂಚ್ಕೋತೀವಿ, ಇದನ್ನೂ ಹಂಚ್ಕೊಳ್ಳೋಣ. ದೊಡ್ಡ ತುಂಡು ನಂದು."

"ಮೂವತ್ತು ವರ್ಷದಿಂದ ಚೆರ್ರಿ ನಿನಗೇ ಬಿಡ್ತಾ ಇದ್ದೀನಿ. ಗಮನಿಸಿದ್ದೀಯಾ?" (ಇದು ಅಪ್ಪ ಬರೆದದ್ದು. ಅಮ್ಮ ಗಮನಿಸಿರಲಿಲ್ಲವಂತೆ.)

"ಸುಮ್ನೆ."

ನನ್ನ ಮಟ್ಟಿಗೆ ಕೊನೆಯದೇ ಚೆನ್ನಾಗಿದೆ, ಯಾರಿಗೆ ಬೇಕಾದ್ರೂ ಕೊಡಬಹುದು.

ಇನ್ನೊಂದು ವಿಷಯ, ಈ ಸಲದ ಹೊಸದು. ನಿಮ್ಮ ಅಡುಗೆಮನೆ ಶೆಲ್ಫ್ ಮೇಲೆ ಒಂದು ಸಲ ಕಣ್ಣಾಡಿಸಿ. ಪಕ್ಕದ ಮನೆ ಆಂಟಿ ಹುಳಿಯನ್ನ ಕೊಟ್ಟ ಸ್ಟೀಲ್ ಡಬ್ಬಿ, ಅತ್ತಿಗೆ ಚಕ್ಕುಲಿ ಹಾಕಿ ಕಳಿಸಿದ್ದು, ಅಮ್ಮ ಊರಿಂದ ಚಟ್ನಿಪುಡಿ ತುಂಬಿ ಕಳಿಸಿದ್ದು, ಯಾವುದಾದ್ರೂ ಒಂದು ಇದ್ದೇ ಇರುತ್ತೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಇಟ್ಕೊಂಡು ತಿಂಗಳುಗಟ್ಟಲೆ ಆಗಿರುತ್ತೆ. ಅದನ್ನ ತನ್ನಿ. ಬೆಣ್ಣೆ ಬಿಸ್ಕೆಟ್, ಕೊಬ್ಬರಿ ಬಿಸ್ಕೆಟ್ ಎರಡೂ ಸೇರಿಸಿ ಕಾಲು ಕೆಜಿ ತುಂಬಿ ಕೊಡ್ತೀವಿ, ₹120ರದ್ದು ₹100ಕ್ಕೆ. ಸಿಹಿ ಬೇಡ ಅನ್ನೋರ ಡಬ್ಬಿಗೆ ಅದೇ ರೇಟಿಗೆ ನಿಪ್ಪಟ್ಟು. ನಮ್ಮ ಮನೆಯಲ್ಲೇ ಇಂಥವು ನಾಲ್ಕು ಸಿಕ್ಕವು, ಅದರಲ್ಲಿ ಒಂದು ಯಾರದ್ದು ಅಂತ ಅಮ್ಮನಿಗೂ ನೆನಪಿಲ್ಲ. ಮುಚ್ಚಳದ ಮೇಲೆ "ಎಸ್. ಕೆ." ಅಂತ ಕೊರೆಸಿದೆ. ನಿಮ್ಮದಾಗಿದ್ರೆ ಬನ್ನಿ, ತುಂಬಿಸಿ ಇಟ್ಟಿದ್ದೀವಿ.

ಜೋಡಿಯಾಗಿ ಬರೋರಿಗೆ ಎರಡು ಹನಿ ಕೇಕ್, ಎರಡು ಖಾರಾ ಬನ್ ಸೇರಿ ₹99. ಕೌಂಟರಿನಲ್ಲೇ ನಿಂತು ತಿನ್ನಿ, ಆರಾಮಾಗಿ. ಯಾರ ಮನೆ ಮಕ್ಕಳು ಅಂತ ನಮಗೆ ಗೊತ್ತಿರುತ್ತೆ, ಆದರೆ ಮನೆಗೆ ಹೇಳೋ ಅಭ್ಯಾಸ ನಮಗಿಲ್ಲ. ನಾಲ್ಕು ಜನ ಬಂದ್ರೆ ನಾಲ್ಕು ಖಾರಾ ಬನ್ ₹80. ಕಾಲೇಜು ಐಡಿ ಗೀಡಿ ಬೇಡ, ಹಸಿವಿದ್ರೆ ಸಾಕು.

ನಮ್ಮಲ್ಲಿ ಯಾವುದಕ್ಕೂ ಮೊಟ್ಟೆ ಹಾಕಲ್ಲ, ಶನಿವಾರ ಮಾಡೋರು ಯೋಚನೆ ಮಾಡಬೇಡಿ. ಮೈದಾ, ಹಾಲು, ಗೋಡಂಬಿ ಇರುತ್ತೆ, ಯಾರಿಗಾದ್ರೂ ಆಗಿಬರಲ್ಲ ಅಂದ್ರೆ ಮೊದಲೇ ಕೇಳಿ. ಭಾನುವಾರ ಶಿವರಾತ್ರಿ, ಅಂಗಡಿ ಮಧ್ಯಾಹ್ನ 12ರವರೆಗೆ ಮಾತ್ರ. ಉಪವಾಸ ಇರೋರು ದಿಲ್‌ಪಸಂದ್ ಶನಿವಾರ ರಾತ್ರಿಯೇ ಮುಗಿಸಿಬಿಡಿ. ಫ್ರಿಜ್‌ನಲ್ಲಿ ಇಟ್ಟು ಜಾಗರಣೆ ಪೂರ್ತಿ ಅದರ ಧ್ಯಾನ ಮಾಡೋದು ಬೇಡ.

ಇಡೀ ದಿಲ್‌ಪಸಂದ್ ಬೇಕಾದವರು ಶುಕ್ರವಾರ ರಾತ್ರಿ 8ರೊಳಗೆ ಈ ಮೆಸೇಜಿಗೇ ರಿಪ್ಲೈ ಮಾಡಿ: ಎಷ್ಟು, ಎಷ್ಟು ಜನಕ್ಕೆ, 11ರದ್ದೋ 4ರದ್ದೋ, ಚೀಟಿಯಲ್ಲಿ ಏನು. ನಮ್ಮ ಒಲೆಗೆ ದಿನಕ್ಕೆ 60ರ ಮೇಲೆ ಹಿಡಿಸಲ್ಲ. ಎರಡು ಕಿಲೋಮೀಟರ್ ಒಳಗೆ ಮನೆಗೆ ತಂದು ಕೊಡ್ತೀವಿ, ₹30. ₹500 ದಾಟಿದ್ರೆ ಅದೂ ಇಲ್ಲ. ಬೇರೆ ಊರು, ಬೇರೆ ದೇಶದಲ್ಲಿರೋ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸಬೇಕು ಅಂದ್ರೆ ವಿಳಾಸ ಕಳಿಸಿ, ಬಾಗಿಲು ತೆಗೆಯೋಕೆ ಅವರಿಗೆ ನಿಧಾನ ಆಗುತ್ತೆ ಅಂತಿದ್ರೆ ಅದನ್ನೂ ಬರೀರಿ. ನಮ್ಮ ಹುಡುಗ ಕಾಯ್ತಾನೆ.

ಈ ದಿನದ ಬಗ್ಗೆ ಮೆಸೇಜು ನೋಡೋದೇ ಈ ವರ್ಷ ಕೆಲವರಿಗೆ ಕಷ್ಟ ಇರಬಹುದು. "ಬೇಡ" ಅಂತ ಒಂದು ಪದ ಕಳಿಸಿ, ಈ ವಿಷಯದ ಮೆಸೇಜು ಮತ್ತೆ ಬರಲ್ಲ. ಯಾಕೆ ಅಂತ ಕೇಳಲ್ಲ. ಬೆಳಗಿನ ಬ್ರೆಡ್ಡು ಎಂದಿನಂತೆ ತೆಗೆದಿಟ್ಟಿರ್ತೀವಿ.

ಹಾಂ, ಡಬ್ಬಿ ತರೋರು ದಯವಿಟ್ಟು ಒರೆಸಿ ಒಣಗಿಸಿ ತನ್ನಿ. ನೀರಿನ ಪಸೆ ಇದ್ರೆ ಬಿಸ್ಕೆಟ್ ಮೆತ್ತಗಾಗುತ್ತೆ, ಆಮೇಲೆ ಆಂಟಿ ಬೈಯೋದು ನಮಗೆ.