ವಿಷಯ: ಜಿಎಸ್‌ಟಿ ಎಕ್ಸಿಕ್ಯೂಟಿವ್ ಹುದ್ದೆಗೆ ನನ್ನ ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸುವಂತೆ ವಿನಂತಿ

ಮಾನ್ಯರೇ,

ನಿಮ್ಮ ಪೀಣ್ಯ ಘಟಕದ ಜಿಎಸ್‌ಟಿ ಎಕ್ಸಿಕ್ಯೂಟಿವ್ ಹುದ್ದೆಗೆ ಕಳೆದ ಮಂಗಳವಾರ ನಡೆದ ಎರಡನೇ ಸುತ್ತಿನ ಸಂದರ್ಶನಕ್ಕೆ ನಾನು ಹಾಜರಾಗಿದ್ದೆ. ನಾನು ಆಯ್ಕೆಯಾಗಿಲ್ಲವೆಂಬ ನಿಮ್ಮ ಇಮೇಲ್ ಶುಕ್ರವಾರ ಸಂಜೆ ತಲುಪಿತು. ಜಾಬ್‌ವರ್ಕ್ ಲೆಕ್ಕದಲ್ಲಿ ಅನುಭವ ಸಾಲದು ಎಂಬ ಕಾರಣವನ್ನೂ ಅದರಲ್ಲಿ ಬಿಡಿಸಿ ಬರೆದಿದ್ದೀರಿ; ಅದಕ್ಕಾಗಿ ನಿಮಗೆ ಕೃತಜ್ಞಳಾಗಿದ್ದೇನೆ. ಅದನ್ನು ಓದಿದ ಮೇಲೆ, ನಾಲ್ಕು ವರ್ಷಗಳಿಂದ ದಿನವೂ ಮಾಡುತ್ತಿರುವ ಕೆಲಸವನ್ನೇ ನಿಮ್ಮೆದುರು ಸರಿಯಾಗಿ ಹೇಳದೆ ಬಂದೆನೆಂದು ಅರಿವಾಯಿತು. ಹುದ್ದೆ ಇನ್ನೂ ಭರ್ತಿಯಾಗಿರದಿದ್ದರೆ ನನ್ನ ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ.

ಐಟಿಸಿ-04 ನಮೂನೆಯನ್ನು ಎಷ್ಟು ಅವಧಿಗೊಮ್ಮೆ ಸಲ್ಲಿಸಬೇಕೆಂದು ನೀವು ಕೇಳಿದಾಗ ನಾನು ‘ವರ್ಷಕ್ಕೊಮ್ಮೆ’ ಎಂದೆ. ನಾನು ಈಗಿರುವ ಸಂಸ್ಥೆಯ ವಾರ್ಷಿಕ ವಹಿವಾಟು ಐದು ಕೋಟಿ ರೂಪಾಯಿಗಿಂತ ಕಡಿಮೆ. ನಾವು ಏಪ್ರಿಲ್ 25ರೊಳಗೆ ವರ್ಷಕ್ಕೊಂದೇ ಬಾರಿ ಸಲ್ಲಿಸುತ್ತೇವೆ. ಐದು ಕೋಟಿ ದಾಟಿದ ಸಂಸ್ಥೆಗಳಿಗೆ 2021ರ ಅಕ್ಟೋಬರ್‌ನಿಂದ ಅರ್ಧವಾರ್ಷಿಕ ಸಲ್ಲಿಕೆಯಿದೆ, ಅಂದರೆ ನಿಮ್ಮಲ್ಲಿ ಅಕ್ಟೋಬರ್ 25 ಹಾಗೂ ಏಪ್ರಿಲ್ 25 ಎರಡೂ ಗಡುವುಗಳಾಗುತ್ತವೆ. ಉತ್ತರಿಸುವ ಮುನ್ನ ನಿಮ್ಮ ವಹಿವಾಟು ಎಷ್ಟೆಂದು ಕೇಳಬೇಕಿತ್ತು. ಕೇಳದೆ ನಮ್ಮ ಮನೆಯ ಲೆಕ್ಕವನ್ನೇ ಒಪ್ಪಿಸಿದ್ದು ನನ್ನ ತಪ್ಪು.

ಎರಡನೆಯ ತಪ್ಪು ರೆಸ್ಯೂಮೆಯದು. ಅದರಲ್ಲಿ ‘ಡೆಲಿವರಿ ಚಲನ್ ನಿರ್ವಹಣೆ’ ಎಂಬ ಒಂದೇ ಸಾಲಿದೆ. ಆ ಸಾಲಿನ ಹಿಂದೆ ಇರುವುದು ಟರ್ನಿಂಗ್, ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್‌ಗೆಂದು ಹದಿನಾಲ್ಕು ಜಾಬ್‌ವರ್ಕ್ ಘಟಕಗಳಿಗೆ ಹೋಗಿ ಬರುವ ಮಾಲಿನ ಪೂರ್ತಿ ಲೆಕ್ಕ. ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ, ಕಳುಹಿಸಿದ ದಿನವೇ ಅದನ್ನು ಪೂರೈಕೆ ಮಾಡಿದಂತೆ ಪರಿಗಣಿಸಿ ತೆರಿಗೆಯ ಮೇಲೆ ಬಡ್ಡಿಯೂ ಬೀಳುವುದರಿಂದ, ರಿಜಿಸ್ಟರನ್ನು ಚಲನ್ ಸಂಖ್ಯೆಯ ಬದಲು ಮಾಲು ಹೊರಟ ದಿನಾಂಕದ ಪ್ರಕಾರ ಜೋಡಿಸಿ, ಹತ್ತನೇ ತಿಂಗಳಿಗೆ ಬಂದ ಚಲನ್‌ಗಳನ್ನು ಬೇರೆ ಹಾಳೆಗೆ ತೆಗೆದು ಆಯಾ ಘಟಕದವರಿಗೆ ಫೋನ್ ಮಾಡುವ ಪದ್ಧತಿಯನ್ನು ನಾನೇ ಆರಂಭಿಸಿದೆ. ಒಮ್ಮೆ 240 ಕಿಲೋ ರಾಡ್ ಟರ್ನಿಂಗ್‌ಗೆ ಹೋಗಿ, 212 ಕಿಲೋ ಬಿಡಿಭಾಗವೂ 21 ಕಿಲೋ ಸ್ಕ್ರ್ಯಾಪೂ ವಾಪಸು ಬಂದವು. ಏಳು ಕಿಲೋಗೆ ಲೆಕ್ಕ ಸಿಗಲಿಲ್ಲ. ಸ್ಟೋರ್ ಕೀಪರ್ ಜೊತೆ ಆ ಘಟಕಕ್ಕೇ ಹೋಗಿ, ಆಯಿಲ್ ಹತ್ತಿ ಅಂಟಿಕೊಂಡಿದ್ದ ತೂಕದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಆ ಚೂರು ಬೇರೊಂದು ಚಲನ್ನಿನ ಮಾಲಿನ ಜೊತೆ ಮೊದಲೇ ಬಂದಿತ್ತೆಂದು ತಿಳಿಯಿತು. ಇಂಥದ್ದನ್ನು ರೆಸ್ಯೂಮೆಯಲ್ಲಿ ಹೇಗೆ ಬರೆಯಬೇಕೆಂದು ನನಗೆ ಆಗ ತೋಚಿರಲಿಲ್ಲ.

ನನಗೆ ಬಾರದ್ದನ್ನೂ ಹೇಳಿಬಿಡುತ್ತೇನೆ. ವಹಿವಾಟಿನ ಮಿತಿಯ ಕಾರಣದಿಂದ ನಮ್ಮ ಸಂಸ್ಥೆಗೆ ಇ-ಇನ್‌ವಾಯ್ಸ್ ಅನ್ವಯಿಸುವುದಿಲ್ಲ. ಅದನ್ನು ನಾನು ಸ್ವತಃ ಮಾಡಿಲ್ಲ, ನಿಮ್ಮಲ್ಲಿ ಕಲಿಯಬೇಕಾಗುತ್ತದೆ. ಇ-ವೇ ಬಿಲ್, ಜಿಎಸ್‌ಟಿಆರ್-1, 3ಬಿ ಹಾಗೂ 2ಬಿ ತಾಳೆ ನೋಡುವ ಕೆಲಸ ನನ್ನ ಕೈಯಲ್ಲೇ ಇದೆ.

ನನ್ನ ಮಾತನ್ನಷ್ಟೇ ನಂಬಬೇಕೆಂದು ಕೇಳುತ್ತಿಲ್ಲ. ನಾನು ಬಳಸುವ ರಿಜಿಸ್ಟರಿನ ಮಾದರಿಯನ್ನು, ಸಂಸ್ಥೆಯ ಗೋಪ್ಯತೆಗಾಗಿ ಹೆಸರು ಮತ್ತು ಅಂಕಿಗಳನ್ನೆಲ್ಲ ಬದಲಿಸಿ, ಎಕ್ಸೆಲ್ ಫೈಲಿನಲ್ಲಿ ಲಗತ್ತಿಸಿದ್ದೇನೆ. ಇದಲ್ಲದೆ ನಿಮ್ಮ ಒಂದು ತಿಂಗಳ ಹಳೆಯ ಚಲನ್‌ಗಳನ್ನು ಕೊಟ್ಟು ನಿಮ್ಮ ಕಚೇರಿಯಲ್ಲೇ ಕೂರಿಸಿದರೆ, ಅವುಗಳಿಂದ ಐಟಿಸಿ-04ರ ವಿವರ ಸಿದ್ಧಪಡಿಸಿ ತೋರಿಸಬಲ್ಲೆ. ಮುಂದಿನ ವಾರ ಯಾವ ದಿನವಾದರೂ ಬೆಳಿಗ್ಗೆ ಹತ್ತರೊಳಗೆ ಅಥವಾ ಶನಿವಾರ ಮಧ್ಯಾಹ್ನದ ಮೇಲೆ ಬರಬಹುದು. ದಾಸರಹಳ್ಳಿಯಿಂದ ಪೀಣ್ಯಕ್ಕೆ ಮೆಟ್ರೊ ಇರುವುದರಿಂದ ರಿಟರ್ನ್ ದಿನಗಳಲ್ಲಿ ತಡವಾದರೂ ತೊಂದರೆಯಿಲ್ಲವೆಂದು ಸಂದರ್ಶನದಲ್ಲೂ ಹೇಳಿದ್ದೆ. ನನ್ನ ನೋಟಿಸ್ ಅವಧಿ 30 ದಿನ. ಒಂದು ವಿನಂತಿ: ನಾನು ಬೇರೆ ಕೆಲಸ ನೋಡುತ್ತಿರುವುದು ಈಗಿನ ಕಚೇರಿಯಲ್ಲಿ ತಿಳಿದಿಲ್ಲವಾದ್ದರಿಂದ, ಅಲ್ಲಿ ವಿಚಾರಿಸುವುದನ್ನು ಕೊನೆಯ ಹಂತಕ್ಕೆ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಬೇರೆಯವರು ಈಗಾಗಲೇ ಆಯ್ಕೆಯಾಗಿದ್ದರೆ ಅದನ್ನು ಬದಲಿಸಿ ಎಂದು ನಾನು ಕೇಳುವುದಿಲ್ಲ. ಹಾಗಿದ್ದಲ್ಲಿ ಎರಡು ಸಾಲಿನಲ್ಲಿ ತಿಳಿಸಿ, ಅಕೌಂಟ್ಸ್ ವಿಭಾಗದಲ್ಲಿ ಮುಂದೆ ಹುದ್ದೆ ತೆರವಾದಾಗ ಈ ಪತ್ರವನ್ನು ರೆಸ್ಯೂಮೆಯ ಜೊತೆಗಿಟ್ಟು ನೋಡಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸುಮಾ ಕೆ.
ದಾಸರಹಳ್ಳಿ, ಬೆಂಗಳೂರು

ಲಗತ್ತು: ಜಾಬ್‌ವರ್ಕ್ ರಿಜಿಸ್ಟರ್ ಮಾದರಿ, ತಿದ್ದಿದ ರೆಸ್ಯೂಮೆ