ವಾಣಿಜ್ಯ ಗಣಿತ – ಅಭ್ಯಾಸ ಹಾಳೆ 7: ಸರಳ ಬಡ್ಡಿ ಮತ್ತು ಚಕ್ರಬಡ್ಡಿ

ಸಂಜೆ ತರಗತಿ, ಉಡುಪಿ. ಅವಧಿ ಒಂದು ಗಂಟೆ, ಒಟ್ಟು 25 ಅಂಕ. ಕ್ಯಾಲ್ಕುಲೇಟರ್ ಬಳಸಬಹುದು, ಆದರೆ ಹಂತಗಳನ್ನು ಬರೆಯದ ಉತ್ತರಕ್ಕೆ ಅರ್ಧ ಅಂಕ ಮಾತ್ರ.

ಕಳೆದ ವಾರದ ಉತ್ತರ ಪತ್ರಿಕೆಗಳಲ್ಲಿ ಸೂತ್ರ ತಪ್ಪಿದವರು ಒಬ್ಬರೂ ಇರಲಿಲ್ಲ. ತಪ್ಪಿದ್ದೆಲ್ಲ ಅವಧಿಯಲ್ಲಿ. ದರ ವರ್ಷದ್ದು, ಅವಧಿ ತಿಂಗಳಿನದ್ದು, ಎರಡನ್ನೂ ಹಾಗೆಯೇ ಗುಣಿಸಿ ಸಾವಿರದ ಬಡ್ಡಿಯನ್ನು ಹನ್ನೆರಡು ಸಾವಿರ ಮಾಡಿದವರಿದ್ದಾರೆ. ಆದ್ದರಿಂದ ಪ್ರತಿ ಲೆಕ್ಕದ ಮೊದಲ ಸಾಲಿನಲ್ಲಿ, ಬಡ್ಡಿ ಎಷ್ಟು ಕಾಲಕ್ಕೊಮ್ಮೆ ಅಸಲಿಗೆ ಸೇರುತ್ತದೆ, ಅಂಥ ಕಂತುಗಳು ಎಷ್ಟು ಎಂದು ಬರೆದುಕೊಳ್ಳಿ.

ಸರಳ ಬಡ್ಡಿ: I = PTR/100
ಚಕ್ರಬಡ್ಡಿ: A = P(1 + i)^n
ಇಲ್ಲಿ i ಒಂದು ಕಂತಿನ ದರ, n ಕಂತುಗಳ ಸಂಖ್ಯೆ.

ಮಾದರಿ 1. 80,000 ರೂ. ಠೇವಣಿ, ವಾರ್ಷಿಕ ದರ ಶೇ. 8, ಅವಧಿ ಒಂದು ವರ್ಷ.

ವರ್ಷಕ್ಕೊಮ್ಮೆ ಸೇರಿದರೆ: i = 0.08, n = 1, ಬಡ್ಡಿ 6,400 ರೂ.
ಆರು ತಿಂಗಳಿಗೊಮ್ಮೆ: i = 0.04, n = 2, ಬಡ್ಡಿ 6,528 ರೂ.
ಮೂರು ತಿಂಗಳಿಗೊಮ್ಮೆ: i = 0.02, n = 4, ಬಡ್ಡಿ 6,594.57 ರೂ.

ಮೊದಲ ಸಾಲಿನ ಉತ್ತರವೇ ಸರಳ ಬಡ್ಡಿಯ ಉತ್ತರವೂ ಹೌದು: ಮೊದಲ ಕಂತು ಮುಗಿಯುವವರೆಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಎರಡನೆಯ ಸಾಲಿನಲ್ಲಿ ಹೆಚ್ಚಿಗೆ ಬಂದ 128 ರೂ. ಎಲ್ಲಿಂದ? ಮೊದಲ ಆರು ತಿಂಗಳ ಬಡ್ಡಿ 3,200 ರೂ.ಗೆ ಮುಂದಿನ ಆರು ತಿಂಗಳು ಶೇ. 4ರಂತೆ ಸಿಕ್ಕ ಬಡ್ಡಿ ಅದು.

ಮಾದರಿ 2. 1,00,000 ರೂ., ಶೇ. 10, ವರ್ಷಕ್ಕೊಮ್ಮೆ ಚಕ್ರಬಡ್ಡಿ, ಅವಧಿ ಎರಡೂವರೆ ವರ್ಷ.

ಎರಡು ಪೂರ್ಣ ವರ್ಷಕ್ಕೆ ಮೊತ್ತ 1,21,000 ರೂ. ಉಳಿದ ಅರ್ಧ ವರ್ಷಕ್ಕೆ ಈ ಮೊತ್ತದ ಮೇಲೆ ಸರಳ ಬಡ್ಡಿ: 1,21,000 × 0.05 = 6,050. ಒಟ್ಟು 1,27,050 ರೂ. ಕ್ಯಾಲ್ಕುಲೇಟರಿನಲ್ಲಿ ನೇರವಾಗಿ ಘಾತ 2.5 ಒತ್ತಿದರೆ 1,26,905.87 ಬರುತ್ತದೆ. ನಮ್ಮ ಪರೀಕ್ಷೆಯಲ್ಲಿ ಮೊದಲಿನ ಕ್ರಮವನ್ನೇ ಅನುಸರಿಸಬೇಕು.

ಪ್ರಶ್ನೆಗಳು

1. ಮಲ್ಪೆಯ ದೋಣಿ ಮಾಲೀಕರೊಬ್ಬರು ಮಳೆಗಾಲದ ಮೀನುಗಾರಿಕೆ ನಿಷೇಧ ಆರಂಭವಾಗುವ ಜೂನ್ 1ರಂದು ಬಲೆ ದುರಸ್ತಿಗೆಂದು ವಾರ್ಷಿಕ ಶೇ. 10ರ ಸರಳ ಬಡ್ಡಿಗೆ 1,46,000 ರೂ. ಸಾಲ ಪಡೆದರು. ಮತ್ತೆ ಕಡಲಿಗಿಳಿದು, ಆಗಸ್ಟ್ 13ರಂದು ತೀರಿಸಿದರು. ಬಡ್ಡಿ ಎಷ್ಟು? (ಸಾಲ ಪಡೆದ ದಿನವನ್ನು ಬಿಡಿ, ತೀರಿಸಿದ ದಿನವನ್ನು ಸೇರಿಸಿ, ವರ್ಷಕ್ಕೆ 365 ದಿನ.) [3 ಅಂಕ]

2. ‘ತಿಂಗಳಿಗೆ ನೂರಕ್ಕೆ ಎರಡು’ ಎಂಬ ಮಾತಿನ ಮೇಲೆ 25,000 ರೂ. ಕೈಸಾಲ ಪಡೆದವರು ಎಂಟು ತಿಂಗಳ ನಂತರ ಸರಳ ಬಡ್ಡಿಯೊಂದಿಗೆ ಎಷ್ಟು ಕೊಡಬೇಕು? ವಾರ್ಷಿಕ ದರ ಎಷ್ಟಾಯಿತು? ಕೇಳುವಾಗ ಎರಡು ಎಂಬುದು ಸಣ್ಣ ಸಂಖ್ಯೆ. ಎರಡನೆಯ ಉತ್ತರ ಬರೆದ ಮೇಲೆ ಮತ್ತೊಮ್ಮೆ ನೋಡಿ. [3 ಅಂಕ]

3. ಮಂಗಳೂರಿನ ಗೋಡಂಬಿ ವ್ಯಾಪಾರಿಯೊಬ್ಬರು 1,25,000 ರೂ.ಗಳನ್ನು ಶೇ. 8ರ ದರದಲ್ಲಿ ಒಂಬತ್ತು ತಿಂಗಳಿಗೆ ಠೇವಣಿ ಇಟ್ಟರು. ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಅವಧಿ ಮುಗಿದಾಗ ಸಿಗುವ ಮೊತ್ತ ಎಷ್ಟು? [4 ಅಂಕ]

4. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯಿಂದಲೂ ಉಳಿತಾಯ ಮಾಡಬಹುದಿತ್ತು. ದಿನದ ಲೆಕ್ಕ ಈ ಹಾಳೆಗೆ ಉದ್ದವಾಗುತ್ತದೆ, ತಿಂಗಳಿನದ್ದನ್ನೇ ಮಾಡೋಣ. ಶಂಕರಪುರದ ಮಲ್ಲಿಗೆ ಬೆಳೆಗಾರ್ತಿಯೊಬ್ಬರು ಪ್ರತಿ ತಿಂಗಳ ಆರಂಭದಲ್ಲಿ 3,000 ರೂ.ಗಳಂತೆ ಹನ್ನೆರಡು ತಿಂಗಳು ಕಟ್ಟಿದರು. ಶೇ. 6ರ ಸರಳ ಬಡ್ಡಿಯಲ್ಲಿ ವರ್ಷದ ಕೊನೆಗೆ ಅವರಿಗೆ ಎಷ್ಟು ಸಿಗುತ್ತದೆ? (ಮೊದಲ ಕಂತಿಗೆ 12 ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದೇ ತಿಂಗಳದ್ದು.) [4 ಅಂಕ]

5. ಒಂದು ಮೊತ್ತಕ್ಕೆ ವಾರ್ಷಿಕ ಶೇ. 10ರಂತೆ ಒಂದು ವರ್ಷದ ಸರಳ ಬಡ್ಡಿಗೂ ಆರು ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿಗೂ ಇರುವ ವ್ಯತ್ಯಾಸ 75 ರೂ. ಆ ಮೊತ್ತ ಯಾವುದು? [5 ಅಂಕ]

6. ಕುಂದಾಪುರದ ಅಕ್ಕ ತಮ್ಮ ತಲಾ 2,00,000 ರೂ. ತೊಡಗಿಸಿದರು. ಅಕ್ಕನಿಗೆ ಶೇ. 9ರ ಸರಳ ಬಡ್ಡಿ, ತಮ್ಮನಿಗೆ ಶೇ. 8.5ರ ಚಕ್ರಬಡ್ಡಿ, ವರ್ಷಕ್ಕೊಮ್ಮೆ. ಎರಡು ವರ್ಷದ ಕೊನೆಗೆ ಯಾರಿಗೆ ಎಷ್ಟು ಹೆಚ್ಚು ಬಡ್ಡಿ? ಮೂರು ವರ್ಷದ ಕೊನೆಗೆ? [6 ಅಂಕ]

ಉತ್ತರಗಳು (ಲೆಕ್ಕ ಮುಗಿಯುವವರೆಗೆ ಹಾಳೆಯನ್ನು ಇಲ್ಲಿಗೆ ಮಡಚಿಡಿ)

1. 29 + 31 + 13 = 73 ದಿನ, ಅಂದರೆ ವರ್ಷದ ಐದನೇ ಒಂದು ಭಾಗ; ಬಡ್ಡಿ 2,920 ರೂ.
2. 29,000 ರೂ.; ಶೇ. 24.
3. i = 0.02, n = 3; 1,32,651 ರೂ.
4. ತಿಂಗಳುಗಳ ಮೊತ್ತ 78. ಬಡ್ಡಿ 1,170 ರೂ., ಒಟ್ಟು 37,170 ರೂ.
5. P × 0.05 × 0.05 = 75; P = 30,000 ರೂ.
6. ಎರಡು ವರ್ಷಕ್ಕೆ ಅಕ್ಕನಿಗೆ 36,000, ತಮ್ಮನಿಗೆ 35,445: ಅಕ್ಕನಿಗೆ 555 ರೂ. ಹೆಚ್ಚು. ಮೂರು ವರ್ಷಕ್ಕೆ ಅಕ್ಕನಿಗೆ 54,000, ತಮ್ಮನಿಗೆ 55,457.83: ತಮ್ಮನಿಗೆ 1,457.83 ರೂ. ಹೆಚ್ಚು.