ಮಾರುಕಟ್ಟೆ ಚಿಂತನೆಯ ವಿಕಾಸ
ಬೇಡಿಕೆ ಪೂರೈಕೆಯನ್ನು ಮೀರಿದ್ದ ಕಾಲದಲ್ಲಿ ಹೆಚ್ಚು ತಯಾರಿಸಿ ಅಗ್ಗವಾಗಿ ಮಾರುವುದೇ ಜಾಣತನವೆನಿಸಿತ್ತು. 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಅಳವಡಿಸಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿನ ಬೆಲೆ ಇಳಿಸಿದ್ದು ಈ ಉತ್ಪಾದನಾ ದೃಷ್ಟಿಗೆ ನಿದರ್ಶನ. ಗುಣಮಟ್ಟವೊಂದೇ ಸಾಕೆಂಬ ಉತ್ಪನ್ನ ದೃಷ್ಟಿ ತಯಾರಕನನ್ನು ತನ್ನ ವಸ್ತುವಿನ ಮೋಹಕ್ಕೆ ಕೆಡವಿತು. ಇದನ್ನೇ ಮಾರುಕಟ್ಟೆ ತಜ್ಞ ಥಿಯೋಡರ್ ಲೆವಿಟ್ 1960ರಲ್ಲಿ ಸಮೀಪದೃಷ್ಟಿ ದೋಷವೆಂದು ಕರೆದು, ಅಮೆರಿಕದ ರೈಲು ಕಂಪನಿಗಳು ತಮ್ಮದು ಸಾರಿಗೆ ವ್ಯವಹಾರವೆಂಬುದನ್ನು ಮರೆತು ಗ್ರಾಹಕರನ್ನು ಕಾರು, ವಿಮಾನಗಳಿಗೆ ಬಿಟ್ಟುಕೊಟ್ಟವೆಂದು ವಾದಿಸಿದರು. ಸರಕು ಗೋದಾಮಿನಲ್ಲೇ ಉಳಿಯತೊಡಗಿದಾಗ ಬಲಗೊಂಡ ಮಾರಾಟ ದೃಷ್ಟಿ ಜಾಹೀರಾತಿನ ಒತ್ತಡವನ್ನು ನೆಚ್ಚಿತೇ ಹೊರತು ಅಗತ್ಯವನ್ನು ವಿಚಾರಿಸಲಿಲ್ಲ. ಗ್ರಾಹಕನ ಅಗತ್ಯವನ್ನು ಮೊದಲು ಅರಿತು ಆಮೇಲೆ ತಯಾರಿಸುವ ಮಾರುಕಟ್ಟೆ ದೃಷ್ಟಿ ಈ ಕ್ರಮವನ್ನೇ ತಿರುವುಮುರುವು ಮಾಡಿತು. ಆದರೆ ಗ್ರಾಹಕ ಬಯಸಿದ್ದೆಲ್ಲ ಹಿತವಲ್ಲ, ಸಿಗರೇಟೇ ಇದಕ್ಕೆ ಸಾಕ್ಷಿ. ಹಾಗಾಗಿ 1970ರ ದಶಕದಲ್ಲಿ ರೂಪುಗೊಂಡ ಸಾಮಾಜಿಕ ದೃಷ್ಟಿ ಲಾಭ ಮತ್ತು ಗ್ರಾಹಕ ತೃಪ್ತಿಯ ಜೊತೆಗೆ ಸಮಾಜದ ದೀರ್ಘಕಾಲೀನ ಹಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.